18.40 ಯೂರೋ ಒಂದಕ್ಕೋ, ನೂರಕ್ಕೋ?

ಪ್ರಶ್ನೆ: ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಜರ್ಮನಿಯಿಂದ ಯಂತ್ರದ ಬಿಡಿಭಾಗ ತರಿಸಿದೆವು. ಇನ್‌ವಾಯ್ಸ್ ಪೂರ್ತಿ ಜರ್ಮನ್ ಭಾಷೆಯಲ್ಲಿದೆ. ಡಿಕ್ಷನರಿ ಇಟ್ಟುಕೊಂಡು ನಾನೇ ಇಂಗ್ಲಿಷಿಗೆ ಮಾಡಿ ಕ್ಲಿಯರಿಂಗ್ ಏಜೆಂಟರಿಗೆ ಕೊಟ್ಟೆ. "ಲೆಕ್ಕ ತಾಳೆ ಆಗ್ತಿಲ್ಲ, ತೂಕ ತಪ್ಪು, ತಾರೀಖೂ ತಪ್ಪು" ಅಂತ ವಾಪಸ್ ಕಳಿಸಿದ್ದಾರೆ. ಅಂಕಿಗಳನ್ನು ನಾನು ಮುಟ್ಟೇ ಇಲ್ಲ ಸಾರ್, ಮಾತುಗಳನ್ನು ಮಾತ್ರ ಅನುವಾದ ಮಾಡಿದ್ದೇನೆ. ಓನರ್ ಹೇಳಿದ್ದಕ್ಕೆ ಪಕ್ಕದಲ್ಲಿ ರೂಪಾಯಿ ಮೊತ್ತವನ್ನೂ ಹಾಕಿದ್ದೇನೆ. ಎಲ್ಲಿ ತಪ್ಪಿದೆ? ಎರಡೂ ಪ್ರತಿ ಜೊತೆಗಿಟ್ಟಿದ್ದೇನೆ.

ಉತ್ತರ: ಅಂಕಿ ಮುಟ್ಟದೇ ಇದ್ದದ್ದೇ ತಪ್ಪಾಗಿದೆ. ನೀವು ಕಳಿಸಿದ ಪ್ರತಿಯಲ್ಲಿ ಮಾತುಗಳೆಲ್ಲ ಬಹುಮಟ್ಟಿಗೆ ಸರಿಯಾಗಿವೆ. ಆದರೆ ಜರ್ಮನ್ನರು ಅಂಕಿಯನ್ನೂ ಜರ್ಮನ್‌ನಲ್ಲೇ ಬರೆಯುತ್ತಾರೆ. ನಾವು ಅಲ್ಪವಿರಾಮ ಹಾಕುವ ಕಡೆ ಅವರು ಚುಕ್ಕಿ ಹಾಕುತ್ತಾರೆ, ಚುಕ್ಕಿ ಹಾಕುವ ಕಡೆ ಅಲ್ಪವಿರಾಮ. ನಿಮ್ಮ ಮೂಲ ಪ್ರತಿಯ ಮೂರು ಸಾಲು ಹೀಗಿದೆ:

```
Pos  Menge       Preis     PE    Betrag EUR
1    2.500 Stk   18,40     100       460,00
2    12,500 kg   9,60      1         120,00
3    6 Stk       1.245,00  1       7.470,00
```

ಮೂರನೇ ಸಾಲಿನಲ್ಲಿ ಯಾರೂ ಎಡವುವುದಿಲ್ಲ. `1.245,00` ಅಂತ ಇದ್ದರೆ ಚುಕ್ಕಿ ಸಾವಿರದ್ದು, ಅಲ್ಪವಿರಾಮ ಸೆಂಟಿನದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡೂ ಗುರುತು ಒಟ್ಟಿಗೆ ಇದ್ದಾಗ ಅಪಾಯ ಇಲ್ಲ. ಒಂದೇ ಗುರುತು ಇದ್ದು, ಅದರ ಮುಂದೆ ಸರಿಯಾಗಿ ಮೂರು ಅಂಕಿ ಇದ್ದರೆ ಮಾತ್ರ ನಿಲ್ಲಬೇಕು. ಆಗ ಅದು ನಮ್ಮ ಕಣ್ಣಿಗೂ ಸರಿ ಕಾಣುತ್ತದೆ, ಅವರ ಕಣ್ಣಿಗೂ ಸರಿ ಕಾಣುತ್ತದೆ. ಅಂಕಿಯ ಮೌಲ್ಯ ಮಾತ್ರ ಸಾವಿರ ಪಟ್ಟು ಬೇರೆ.

ಎರಡನೇ ಸಾಲು ಯಂತ್ರಕ್ಕೆ ಹಚ್ಚುವ ಗ್ರೀಸ್‌ನದ್ದು. ನೀವು `12,500 kg` ಅಂತ ಹಾಗೇ ಬಿಟ್ಟಿದ್ದೀರಿ. ಇಂಗ್ಲಿಷ್ ಹಾಳೆಯಲ್ಲಿ ಅದು ಹನ್ನೆರಡೂವರೆ ಸಾವಿರ ಕಿಲೋ ಆಯಿತು! ನಿಜವಾಗಿ ಬಂದಿರುವುದು ಹನ್ನೆರಡೂವರೆ ಕಿಲೋ. ತೂಕವನ್ನು ಗ್ರಾಂ ತನಕ, ಅಂದರೆ ದಶಾಂಶದ ಮುಂದೆ ಮೂರು ಸ್ಥಾನದವರೆಗೆ ಅಚ್ಚು ಹಾಕುವ ಸಾಫ್ಟ್‌ವೇರ್ ಬೇಕಾದಷ್ಟಿವೆ. ಅದಕ್ಕೇ ಕಿಲೋ ಇರುವ ಸಾಲುಗಳಲ್ಲಿ ಈ ಗೊಂದಲ ಜಾಸ್ತಿ. ಏಜೆಂಟರು ಏರ್‌ವೇ ಬಿಲ್ಲಿನ ತೂಕದ ಪಕ್ಕ ಇಟ್ಟು ನೋಡಿರುತ್ತಾರೆ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಹನ್ನೆರಡು ಟನ್ ಗ್ರೀಸ್ ಹೇಗೆ ಬಂತು ಅಂತ ಅವರಿಗೆ ಅನುಮಾನ ಬರದೇ ಇರುತ್ತದಾ?

ಇನ್ನು ಮೊದಲನೇ ಸಾಲು. ನನಗೆ ಇಷ್ಟವಾದದ್ದು ಇದೇ, ಯಾಕೆಂದರೆ ಇಲ್ಲಿ ಚುಕ್ಕಿ ಸರಿಪಡಿಸಿದರೂ ಲೆಕ್ಕ ಕೂಡುವುದಿಲ್ಲ. 2,500 ಸೀಲಿಂಗ್ ರಿಂಗ್, ಒಂದಕ್ಕೆ 18.40 ಯೂರೋ ಅಂದರೆ 46,000 ಆಗಬೇಕು. ಇನ್‌ವಾಯ್ಸ್‌ನಲ್ಲಿ ಇರುವುದು 460. ಸರಿಯಾಗಿ ನೂರು ಪಟ್ಟು ವ್ಯತ್ಯಾಸ. ಗುಟ್ಟು ಆ `PE` ಅನ್ನುವ ಕಾಲಮ್ಮಿನಲ್ಲಿದೆ. ಪ್ರೈಸ್‌ಐನ್‌ಹೈಟ್ ಅಂತ ಅದರ ಪೂರ್ತಿ ಹೆಸರು. ಬೆಲೆ ಎಷ್ಟು ನಗಕ್ಕೆ ಅನ್ನುವುದನ್ನು ಅದು ಹೇಳುತ್ತದೆ. ಇಲ್ಲಿ 100 ಇದೆ, ಅಂದರೆ ನೂರು ರಿಂಗಿಗೆ 18.40. ಸ್ಕ್ರೂ, ವಾಷರ್, ರಿಂಗ್‌ನಂಥ ಚಿಲ್ಲರೆ ಮಾಲನ್ನು ಅಲ್ಲಿ ನೂರರ ಲೆಕ್ಕದಲ್ಲೋ ಸಾವಿರದ ಲೆಕ್ಕದಲ್ಲೋ ಮಾರುವುದು ಮಾಮೂಲು. ನಾವು ಬಳೆಯನ್ನು ಡಜನ್ ಲೆಕ್ಕದಲ್ಲಿ ಕೇಳುವ ಹಾಗೆ. ನೀವು ಆ ಕಾಲಮ್ಮನ್ನು ಪ್ಯಾಕಿಂಗ್ ಅಂದುಕೊಂಡು ಬಿಟ್ಟೇಬಿಟ್ಟಿದ್ದೀರಿ. ಹಾಗಾಗಿ ನಿಮ್ಮ ಹಾಳೆಯಲ್ಲಿ ಬೆಲೆಗೂ ಮೊತ್ತಕ್ಕೂ ಸಂಬಂಧವೇ ಇಲ್ಲದ ಹಾಗಾಗಿದೆ.

ಸರಿಯಾದ ಸಾಲುಗಳು ಹೀಗಿರಬೇಕು:

```
1    2,500 pcs    EUR 18.40 per 100 pcs    EUR 460.00
2    12.500 kg    EUR 9.60 per kg          EUR 120.00
3    6 pcs        EUR 1,245.00 per pc      EUR 7,470.00
```

ಎರಡನೇ ಸಾಲಿನಲ್ಲಿ ಸೊನ್ನೆ ಬೇಡ ಅನ್ನಿಸಿದರೆ `12.5 kg` ಅಂತಲೇ ಬರೆಯಿರಿ. ನಾನಂತೂ ಹಾಗೇ ಬರೆಯುವುದು. ಮೂರಂಕಿಯ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಪ್ಯಾಕಿಂಗ್ ಲಿಸ್ಟಿನಲ್ಲೂ ಆಮೇಲೆ ಅದೇ ರೂಪ ಇರಲಿ.

ಅನುವಾದ ಮುಗಿದ ಮೇಲೆ ನಾನು ಭಾಷೆಯನ್ನು ಮೊದಲು ಪರೀಕ್ಷೆ ಮಾಡುವುದಿಲ್ಲ, ಗುಣಾಕಾರ ಮಾಡುತ್ತೇನೆ. ಮೂಲವನ್ನು ಮುಚ್ಚಿಟ್ಟು, ಅನುವಾದದ ಹಾಳೆಯನ್ನೇ ಹಿಡಿದು ಪ್ರತಿ ಸಾಲನ್ನೂ ಗುಣಿಸಿ, ಕೊನೆಗೆ ಕೂಡುತ್ತೇನೆ. ನಿಮ್ಮದರಲ್ಲಿ 460, 120, 7,470 ಸೇರಿ 8,050. ಸಾಗಣೆ ವೆಚ್ಚ 85.50 ಸೇರಿಸಿದರೆ 8,135.50. ಮೂಲದ ಕೊನೇ ಸಾಲಿನಲ್ಲೂ ಅದೇ ಇದೆ. ಕೂಡದೇ ಇದ್ದರೆ ಎಷ್ಟು ಪಟ್ಟು ತಪ್ಪಿದೆ ನೋಡಿ. ಸಾವಿರ ಪಟ್ಟು ಇದ್ದರೆ ಚುಕ್ಕಿಯ ತಪ್ಪು ಇರಬಹುದು. ಸರಿಯಾಗಿ ನೂರು ಪಟ್ಟು ಇದ್ದರೆ ಬೆಲೆಯ ಘಟಕದ ತಪ್ಪು ಇರಬಹುದು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು ಅನ್ನುವುದು ಅಕೌಂಟ್ಸಿನವರಾದ ನಿಮಗೆ ನಾನು ಹೇಳಬೇಕಿಲ್ಲ. ಅಂದ ಹಾಗೆ, ಜರ್ಮನ್‌ನಲ್ಲಿ ಮೊತ್ತವನ್ನು ಅಕ್ಷರದಲ್ಲಿ ಬರೆದರೆ ಈ ಅದಲುಬದಲು ಸುಲಭ. ಮೂವತ್ತೈದಕ್ಕೆ ಅವರು "ಐದು ಮತ್ತು ಮೂವತ್ತು" ಅನ್ನುತ್ತಾರೆ. ಅವಸರದಲ್ಲಿ ಅದು 53 ಆಗಿಬಿಡುತ್ತದೆ.

ಎಕ್ಸೆಲ್ ಬಗ್ಗೆ ಒಂದು ಮಾತು. ಪಿಡಿಎಫ್‌ನಿಂದ ಸಾಲುಗಳನ್ನು ಸೀದಾ ಶೀಟಿಗೆ ಪೇಸ್ಟ್ ಮಾಡಬೇಡಿ. ನಮ್ಮ ಕಡೆಯ ಸೆಟ್ಟಿಂಗ್‌ನಲ್ಲಿ `2.500` ಬಿದ್ದ ಕೂಡಲೇ 2.5 ಆಗುತ್ತದೆ, `12,500` ಹನ್ನೆರಡೂವರೆ ಸಾವಿರ ಆಗುತ್ತದೆ. ಮೊದಲು ಕಾಲಮ್ಮಿನ ಫಾರ್ಮ್ಯಾಟನ್ನು ಟೆಕ್ಸ್ಟ್ ಮಾಡಿ, ಆಮೇಲೆ ಪೇಸ್ಟ್ ಮಾಡಿ, ಪಕ್ಕದ ಕಾಲಮ್ಮಿನಲ್ಲಿ ಈ ಫಾರ್ಮುಲಾ ಹಾಕಿ:

```
=NUMBERVALUE(A2,",",".")
```

ದಶಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ ಅಂತ ಅದಕ್ಕೆ ಹೇಳಿದ ಹಾಗೆ. ಆದರೆ ಕ್ರಮ ತಪ್ಪಬಾರದು. ಪೇಸ್ಟ್ ಮಾಡುವಾಗಲೇ 2.5 ಆಗಿಬಿಟ್ಟಿದ್ದರೆ ಈ ಫಾರ್ಮುಲಾ ಚುಕ್ಕಿಯನ್ನು ತೆಗೆದು 25 ಅಂತ ಕೊಡುತ್ತದೆ. 2,500ರ ಬದಲು 25. ತಪ್ಪಿನ ಮೇಲೆ ತಪ್ಪು, ಅದೂ ಪಟ್ಟಿಯ ಮಧ್ಯದಲ್ಲಿ ಎಲ್ಲೋ ಅವಿತು ಕೂತಿರುತ್ತದೆ.

ಈಗ ತಾರೀಖು. ಮೂಲದಲ್ಲಿ `04.06.2025` ಇದೆ. ಇಂಗ್ಲಿಷ್ ಅಂದ ಮೇಲೆ ತಿಂಗಳು ಮೊದಲು ಬರಬೇಕು ಅಂತ ನೀವು `06/04/2025` ಮಾಡಿದ್ದೀರಿ. ತಿಂಗಳು ಮೊದಲು ಹಾಕುವುದು ಅಮೆರಿಕದ ಪದ್ಧತಿ. ಜರ್ಮನಿಯಲ್ಲೂ ನಮ್ಮ ಹಾಗೇ ದಿನ ಮೊದಲು. ಬೆಂಗಳೂರಿನಲ್ಲಿ ನಿಮ್ಮ ಹಾಳೆ ಓದಿದವರಿಗೆ ಅದು ಏಪ್ರಿಲ್ 6 ಆಗಿ ಕಂಡಿದೆ, ಎರಡು ತಿಂಗಳು ಹಿಂದಕ್ಕೆ. `4 June 2025` ಅಂತ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ನಾನು ಈ ಕೆಲಸಕ್ಕೆ ಹೊಸದಾಗಿ ಸೇರಿದಾಗ ಅಮೆರಿಕದ ಒಂದು ಬಿಲ್ಲಿನ `05/06`ನ್ನು ಜೂನ್ 5 ಅಂತ ಓದಿ ಫೈಲಿನಲ್ಲಿಟ್ಟಿದ್ದೆ. ಅದು ಮೇ 6 ಆಗಿತ್ತು. ಹಣ ಕಟ್ಟುವ ಗಡುವು ಕಳೆದ ಮೇಲೆ ಗೊತ್ತಾಯಿತು. ಆವತ್ತಿನಿಂದ ಇಂದಿನವರೆಗೂ ತಿಂಗಳನ್ನು ಅಂಕಿಯಲ್ಲಿ ಬರೆದಿಲ್ಲ.

ನಿಮ್ಮ ಇನ್‌ವಾಯ್ಸ್‌ನಲ್ಲಿ ತಾರೀಖಿನ ಹಾಗೆ ಕಾಣದ ಇನ್ನೊಂದು ತಾರೀಖಿದೆ: `Liefertermin KW 23`. ನೀವು ಅದನ್ನು ಕೋಡ್ ಅಂದುಕೊಂಡು ಹಾಗೇ ಬಿಟ್ಟಿದ್ದೀರಿ. ಅದು ವರ್ಷದ 23ನೇ ವಾರದಲ್ಲಿ ಮಾಲು ಕಳಿಸುತ್ತೇವೆ ಅನ್ನುವ ಮಾತು. ವಾರ ಸೋಮವಾರಕ್ಕೆ ಶುರು. ಜನವರಿ 4 ಯಾವ ವಾರದಲ್ಲಿ ಬರುತ್ತದೋ ಅದು ಮೊದಲನೇ ವಾರ. ಆ ಲೆಕ್ಕದಲ್ಲಿ 2025ರ 23ನೇ ವಾರ ಅಂದರೆ ಜೂನ್ 2ರಿಂದ 8. ಅನುವಾದದಲ್ಲಿ ವಾರದ ಸಂಖ್ಯೆಯನ್ನೂ ಉಳಿಸಿ, ಪಕ್ಕದಲ್ಲಿ ಈ ತಾರೀಖುಗಳನ್ನೂ ಬರೆಯಿರಿ. ಕೆಳಗೆ ಹಣದ ಷರತ್ತು ಇದೆ, 14 ದಿನದೊಳಗೆ ಕಟ್ಟಿದರೆ ಶೇ 2 ಕಡಿತ, ಇಲ್ಲದಿದ್ದರೆ 30 ದಿನಕ್ಕೆ ಪೂರ್ತಿ. ಅದನ್ನು ದಿನಗಳ ಲೆಕ್ಕದಲ್ಲೇ ಬಿಡಿ. ಜೂನ್ 18, ಜುಲೈ 4 ಅಂತ ನೀವೇ ಎಣಿಸಿ ಇನ್‌ವಾಯ್ಸ್ ಅನುವಾದದೊಳಗೆ ಹಾಕಬೇಡಿ, ನಿಮ್ಮ ಡೈರಿಯಲ್ಲಿ ಹಾಕಿಕೊಳ್ಳಿ.

ಅಳತೆಯಲ್ಲೂ ಇದೇ ಮಾತು. ರಿಂಗಿನ ವಿವರದಲ್ಲಿ `3/4 Zoll` ಇದೆ. ತ್ಸೋಲ್ ಅಂದರೆ ಇಂಚು. ಸುಂಕ ಅನ್ನುವುದಕ್ಕೂ ಅವರಲ್ಲಿ ಅದೇ ಪದ, ಹಾಗಾಗಿ ನೀವು "ಮುಕ್ಕಾಲು ಸುಂಕ" ಅಂತ ಬರೆಯದೇ ಇದ್ದದ್ದು ಪುಣ್ಯ. ಆದರೆ 3/4 ಇಂಚನ್ನು 19.05 ಮಿಲಿಮೀಟರ್ ಮಾಡಿದ್ದೀರಿ. ಲೆಕ್ಕ ಸರಿ, ವಸ್ತು ತಪ್ಪು. ಈ ರಿಂಗ್ ಕೂರುವ ಪೈಪ್ ಥ್ರೆಡ್ಡಿನಲ್ಲಿ 3/4 ಅನ್ನುವುದು ಅಳತೆಗಿಂತ ಹೆಚ್ಚಾಗಿ ಒಂದು ಹೆಸರು. ಆ ಥ್ರೆಡ್ಡಿನ ಹೊರ ವ್ಯಾಸ ಸುಮಾರು 26.4 ಮಿಲಿಮೀಟರ್ ಇರುತ್ತದೆ. 19.05 ಅಂತ ಕಾಗದದಲ್ಲಿದ್ದು, ಪೆಟ್ಟಿಗೆ ಬಿಚ್ಚಿ ಅಳೆದವರಿಗೆ ಬೇರೆ ಸಿಕ್ಕರೆ ಮಾಲೇ ಬೇರೆ ಅಂದುಬಿಡಬಹುದು. `3/4 inch` ಅಂತಷ್ಟೇ ಬರೆಯಿರಿ.

ರೂಪಾಯಿ ಕಾಲಮ್ಮನ್ನು ಪೂರ್ತಿ ತೆಗೆದುಹಾಕಿ. ಓನರ್ ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಸುಂಕಕ್ಕೆ ಯಾವ ದರ ಅನ್ನುವುದು ನಿಮ್ಮ ಕೈಯಲ್ಲಿಲ್ಲ. 1962ರ ಕಸ್ಟಮ್ಸ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಬಿಲ್ ಆಫ್ ಎಂಟ್ರಿ ಸಲ್ಲಿಸಿದ ದಿನ ಜಾರಿಯಲ್ಲಿರುವ ಕಸ್ಟಮ್ಸ್ ದರವೇ ಲೆಕ್ಕಕ್ಕೆ ಬರುತ್ತದೆ. ಹಣ ಕಳಿಸುವಾಗ ಬ್ಯಾಂಕ್ ಹಾಕುವ ದರ ಇನ್ನೊಂದು. ನೀವು ಹಾಕಿದ್ದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಮೂರನೆಯದು. ಒಂದೇ ಇನ್‌ವಾಯ್ಸಿಗೆ ಮೂರು ರೂಪಾಯಿ ಮೊತ್ತ ಯಾಕೆ ಬೇಕು? ಓನರಿಗೆ ಬೇಕಿದ್ದರೆ ಬೇರೆ ಚೀಟಿಯಲ್ಲಿ ಕೊಡಿ. ಅನುವಾದದಲ್ಲಿ ಯೂರೋ ಮಾತ್ರ, ಅದೂ ಚಿಹ್ನೆಯ ಬದಲು `EUR` ಅಂತ. ಡಾಲರ್ ಬಿಲ್ ಬಂದಾಗ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ `$` ಚಿಹ್ನೆ ಅಮೆರಿಕದ್ದೂ ಹೌದು, ಸಿಂಗಪುರದ್ದೂ ಹೌದು, ಆಸ್ಟ್ರೇಲಿಯಾದ್ದೂ ಹೌದು. ಮೊತ್ತ ದೊಡ್ಡದಿದ್ದರೆ `1,245,000.00` ಅಂತ ಮೂರು ಮೂರಾಗಿ ಬಿಡಿಸಿ. `12,45,000.00` ನಮಗೆ ಸಲೀಸು, ಆದರೆ ನಾಳೆ ತಕರಾರು ಬಂದು ಅದೇ ಹಾಳೆ ಜರ್ಮನಿಗೆ ಹೋದರೆ ಅಲ್ಲಿಯವರು ಅಂಕಿ ಬಿಟ್ಟುಹೋಗಿದೆ ಅಂದುಕೊಳ್ಳುತ್ತಾರೆ.

ಮೂಲದಲ್ಲೇ ತಪ್ಪು ಕಂಡರೆ ನೀವು ತಿದ್ದಬೇಡಿ. ತಪ್ಪನ್ನೂ ಹಾಗೇ ಅನುವಾದ ಮಾಡಿ, ಕೆಳಗೆ "ಅನುವಾದಕರ ಟಿಪ್ಪಣಿ" ಅಂತ ಒಂದು ಸಾಲು ಬರೆದು, ಮಾರಿದವರಿಂದ ತಿದ್ದಿದ ಇನ್‌ವಾಯ್ಸ್ ತರಿಸಿ. ಹಾಗೇ ಈ ಸಲ ಅವರಿಗೆ ಮೇಲ್ ಬರೆಯುವಾಗ ಇಂಗ್ಲಿಷ್ ಪ್ರತಿಯನ್ನೂ ಕೇಳಿ ನೋಡಿ. ರಫ್ತು ಮಾಡುವ ಕಂಪನಿಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಭಾಷೆ ಬದಲಿಸುವ ಸೌಲಭ್ಯ ಇರುತ್ತದೆ. ಆದರೆ ಆ ಪ್ರತಿ ಬಂದಾಗಲೂ `12,500 kg` ಸಾಲನ್ನೇ ಮೊದಲು ನೋಡಿ. ಮಾತು ಇಂಗ್ಲಿಷಿಗೆ ತಿರುಗಿ, ಅಂಕಿ ಜರ್ಮನ್‌ನಲ್ಲೇ ಉಳಿದ ಪ್ರತಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.