ರಾತ್ರಿ ಟಿವಿ: ಮಾತು ಕೇಳಬೇಕು, ಮನೆಯವರು ಏಳಬಾರದು

"ಮಡಿಕೇರಿ ಕಡೆ ಹೆಂಚಿನ ಮನೆ. ರಾತ್ರಿ ಸಿನಿಮಾದಲ್ಲಿ ಮಾತೇ ಕೇಳಲ್ಲ. ಸೌಂಡ್ ಜಾಸ್ತಿ ಮಾಡಿದ್ರೆ ಫೈಟ್ ಬಂದಾಗ ಅತ್ತೆ ಎದ್ದುಬಿಡ್ತಾರೆ. ಏನು ಮಾಡಲಿ?"

ಮೊದಲು ಸಿನಿಮಾದ ಆಡಿಯೋ ಮೆನು ನೋಡಿ. 5.1 ಇದ್ದರೆ ಬದಲಿಗೆ ಸ್ಟೀರಿಯೋ ಆರಿಸಿ. 5.1 ಅಂದರೆ ಆರು ಸ್ಪೀಕರ್‌ಗೆ ಹಂಚಿದ ಸದ್ದು, ಅದರಲ್ಲಿ ಮಾತು ಹೆಚ್ಚಾಗಿ ಮಧ್ಯದ ಸ್ಪೀಕರ್‌ಗೆಂದೇ ಇರುತ್ತದೆ. ಎರಡೇ ಸ್ಪೀಕರ್ ಇರುವ ಟಿವಿಯಲ್ಲಿ ಅದು ಸಂಗೀತದ ಅಡಿ ಹೂತುಹೋಗಬಹುದು. ಆಮೇಲೆ ಸೌಂಡ್ ಸೆಟ್ಟಿಂಗ್‌ನಲ್ಲಿ ನೈಟ್ ಮೋಡ್ ಇದ್ದರೆ ಹಾಕಿ. ಜೋರು ಸದ್ದು ತಗ್ಗುತ್ತದೆ, ಪಿಸುಮಾತು ಮೇಲೇಳುತ್ತದೆ. ಫೈಟ್ ಸಪ್ಪೆ ಅನಿಸುತ್ತದೆ, ಇರಲಿ ಬಿಡಿ.

ಹೆಂಚಿನ ಮೇಲೆ ಜಡಿಮಳೆ ಸುರಿಯುವಾಗ ಇದೂ ಸಾಲದು. ಆಗ ಹೆಡ್‌ಫೋನೇ ಸರಿ. ಬ್ಲೂಟೂತ್‌ನಲ್ಲಿ ತುಟಿ ಆಡಿದ ಮೇಲೆ ಮಾತು ಬಂದರೆ ವೈರ್ ಇರುವುದನ್ನು ಹಾಕಿ. ಟಿವಿ ಸ್ಪೀಕರ್ ನಿಜವಾಗಿ ಬಂದ್ ಆಗಿದೆಯಾ ಅಂತ ಒಮ್ಮೆ ಹೆಡ್‌ಫೋನ್ ತೆಗೆದು ಕೇಳಿ. ಪಿಸುಮಾತಿನ ದೃಶ್ಯಗಳಿಗೆ ಸಬ್‌ಟೈಟಲ್ ಇರಲಿ.