ರೆಟಿಕ್ಯುಲೋಸೈಟ್ ‘ಹೈ’ ಎಂದರೆ ಮಜ್ಜೆ ಸರಿಯಾಗಿದೆ ಎಂದೇ?

ಪ್ರಶ್ನೆ: ನನ್ನ ಅಕ್ಕನಿಗೆ 44 ವರ್ಷ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ. ಹಿಮೋಗ್ಲೋಬಿನ್ 7.2, ಪಿಸಿವಿ 24, ಕೆಂಪು ರಕ್ತಕಣ 34 ಲಕ್ಷ, ರೆಟಿಕ್ಯುಲೋಸೈಟ್ ಶೇ 2.8 ಬಂದಿದೆ. ಶೇ 2.5ಕ್ಕಿಂತ ಹೆಚ್ಚಿದೆಯೆಂದು ಲ್ಯಾಬಿನವರು ‘ಹೈ’ ಎಂದು ಗುರುತು ಹಾಕಿದ್ದಾರೆ. ಹಾಗಾದರೆ ಮೂಳೆಯ ಮಜ್ಜೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಳ್ಳಬಹುದೇ? ಕಬ್ಬಿಣದ ಮಾತ್ರೆ ನಾಳೆಯಿಂದ ಶುರು.

ಉತ್ತರ: ಇಲ್ಲ, ಹಾಗೆಂದುಕೊಳ್ಳುವಂತಿಲ್ಲ. ಈ ಮಟ್ಟದ ರಕ್ತಹೀನತೆಗೆ ಮಜ್ಜೆ ಮಾಡಬೇಕಾದಷ್ಟು ಕೆಲಸವನ್ನು ನಿಮ್ಮ ಅಕ್ಕನ ಮಜ್ಜೆ ಈಗ ಮಾಡುತ್ತಿಲ್ಲ. ಆದರೆ ಮಜ್ಜೆಗೇ ಕಾಯಿಲೆ ಬಂದಿದೆ ಎಂದು ಇದರ ಅರ್ಥವಲ್ಲ. ಈ ಎರಡು ಮಾತುಗಳ ನಡುವಿನ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆಗಳಲ್ಲಿ ಸುಳ್ಳು ನೆಮ್ಮದಿಯೋ ವಿನಾಕಾರಣದ ಭಯವೋ ಹುಟ್ಟುವುದನ್ನು ನೋಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ರೆಟಿಕ್ಯುಲೋಸೈಟ್ ಎಂದರೆ ಮಜ್ಜೆಯಿಂದ ಆಗಷ್ಟೇ ರಕ್ತಕ್ಕೆ ಬಂದ ಎಳೆಯ ಕೆಂಪು ಕಣ. ಅದರಲ್ಲಿ ಕೋಶಕೇಂದ್ರ ಇರುವುದಿಲ್ಲವಾದರೂ ಹಿಮೋಗ್ಲೋಬಿನ್ ತಯಾರಿಸುತ್ತಿದ್ದ ಆರ್‌ಎನ್‌ಎ ಇನ್ನೂ ಸ್ವಲ್ಪ ಉಳಿದಿರುತ್ತದೆ. ನ್ಯೂ ಮಿಥೈಲೀನ್ ಬ್ಲೂ ಎಂಬ ಬಣ್ಣದೊಂದಿಗೆ ರಕ್ತವನ್ನು ಬೆರೆಸಿ, ಹದಿನೈದು ಇಪ್ಪತ್ತು ನಿಮಿಷ ಬೆಚ್ಚಗಿಟ್ಟು, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಲಿತ ಕಣಗಳು ತಿಳಿಯಾಗಿ ಕಾಣುತ್ತವೆ, ಎಳೆಯ ಕಣಗಳೊಳಗೆ ಮಾತ್ರ ನೀಲಿ ನೂಲಿನ ಸಿಕ್ಕಿನಂಥ ಬಲೆ ಕಾಣುತ್ತದೆ. ಸಾವಿರ ಕೆಂಪು ಕಣಗಳಲ್ಲಿ ಇಂಥವು 28 ಇದ್ದರೆ ಅದೇ ಶೇ 2.8.

ತೊಡಕು ಇರುವುದು ಈ ಶೇಕಡಾದಲ್ಲೇ. ಆರೋಗ್ಯವಂತರೊಬ್ಬರಲ್ಲಿ ಮೈಕ್ರೋಲೀಟರ್ ರಕ್ತಕ್ಕೆ 45 ಲಕ್ಷ ಕೆಂಪು ಕಣಗಳಿದ್ದು, ಅವುಗಳಲ್ಲಿ 90 ಸಾವಿರ ಎಳೆಯವು ಎಂದಿಟ್ಟುಕೊಳ್ಳಿ. ಅದು ಶೇ 2. ಮಜ್ಜೆ ತನ್ನ ಉತ್ಪಾದನೆಯನ್ನು ಒಂದಿಷ್ಟೂ ಹೆಚ್ಚಿಸದೆ, ರಕ್ತಸ್ರಾವದಿಂದ ಒಟ್ಟು ಕಣಗಳು ಮಾತ್ರ 34 ಲಕ್ಷಕ್ಕೆ ಇಳಿದವು ಎನ್ನಿ. ಅದೇ 90 ಸಾವಿರ ಈಗ ಶೇ 2.6 ಆಗುತ್ತದೆ, ವರದಿಯಲ್ಲಿ ‘ಹೈ’ ಎಂದು ಬೀಳುತ್ತದೆ. ಹೆಚ್ಚಿದ್ದು ಎಳೆಯ ಕಣಗಳಲ್ಲ, ಕಡಿಮೆಯಾದದ್ದು ಬಲಿತ ಕಣಗಳು. ನಿಮ್ಮ ಅಕ್ಕನ ವಿಷಯದಲ್ಲಿ 34 ಲಕ್ಷದ ಶೇ 2.8 ಎಂದರೆ ಸುಮಾರು 95 ಸಾವಿರ. ಇದು ರಕ್ತಹೀನತೆ ಇಲ್ಲದವರಲ್ಲಿಯೂ ಇರಬಹುದಾದಷ್ಟೇ ಸಂಖ್ಯೆ.

ಇದನ್ನು ಸರಿಪಡಿಸಲು ನಾವು ರೆಟಿಕ್ಯುಲೋಸೈಟ್ ಶೇಕಡಾವನ್ನು ರೋಗಿಯ ಪಿಸಿವಿಯಿಂದ, ಅಂದರೆ ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಶೇಕಡಾ ಪಾಲಿನಿಂದ ಗುಣಿಸಿ, ಸಹಜವೆಂದು ಹಿಡಿದ 45ರಿಂದ ಭಾಗಿಸುತ್ತೇವೆ. 2.8 × 24 ÷ 45 ಎಂದರೆ ಸುಮಾರು 1.5. ಲೆಕ್ಕ ಇಲ್ಲಿಗೂ ಮುಗಿಯುವುದಿಲ್ಲ. ಸಾಮಾನ್ಯವಾಗಿ ಎಳೆಯ ಕಣವು ಮಜ್ಜೆಯಲ್ಲಿ ಸುಮಾರು ಮೂರು ದಿನ ಕಳೆದು, ರಕ್ತಕ್ಕೆ ಬಂದ ಮೇಲೆ ಒಂದು ದಿನದೊಳಗೆ ಬಲಿಯುತ್ತದೆ. ರಕ್ತಹೀನತೆ ಹೆಚ್ಚಿದಂತೆ ಮೂತ್ರಪಿಂಡಗಳು ಎರಿಥ್ರೋಪೊಯೆಟಿನ್ ಹಾರ್ಮೋನನ್ನು ಹೆಚ್ಚು ಸುರಿಸಿ, ಮಜ್ಜೆಯು ಕಣಗಳನ್ನು ಅವಧಿಗೆ ಮೊದಲೇ ಹೊರಗೆ ಬಿಡುವಂತೆ ಮಾಡುತ್ತವೆ. ಬೇಗ ಬಂದ ಕಣ ಬಲಿಯುವುದಕ್ಕೆ ರಕ್ತದಲ್ಲೇ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಪಿಸಿವಿ 35ರ ಹತ್ತಿರವಿದ್ದರೆ ಸುಮಾರು ಒಂದೂವರೆ ದಿನ, 25ರ ಹತ್ತಿರ ಎರಡು ದಿನ, 15ಕ್ಕೆ ಇಳಿದರೆ ಎರಡೂವರೆ ದಿನ. ಛತ್ರಕ್ಕೆ ದಿನಾ ಐವತ್ತು ಜನ ಬಂದು ಒಂದೇ ರಾತ್ರಿ ತಂಗಿದರೆ ಬೆಳಗಿನ ಎಣಿಕೆ ಐವತ್ತು; ಬಂದವರೆಲ್ಲ ಎರಡು ರಾತ್ರಿ ತಂಗಿದರೆ ನೂರು. ಬರುವವರು ಮಾತ್ರ ದಿನಕ್ಕೆ ಐವತ್ತೇ. ಹಾಗಾಗಿ 1.5ನ್ನು ಮತ್ತೆ 2ರಿಂದ ಭಾಗಿಸಬೇಕು, ಉಳಿಯುವುದು ಸುಮಾರು 0.75. ಇದನ್ನೇ ರೆಟಿಕ್ಯುಲೋಸೈಟ್ ಪ್ರೊಡಕ್ಷನ್ ಇಂಡೆಕ್ಸ್ ಎನ್ನುತ್ತಾರೆ. ರಕ್ತಹೀನತೆ ಇರುವವರಲ್ಲಿ ಇದು 2ಕ್ಕಿಂತ ಕಡಿಮೆಯಿದ್ದರೆ ಮಜ್ಜೆಯ ಸ್ಪಂದನೆ ಸಾಲದು, 3ಕ್ಕಿಂತ ಹೆಚ್ಚಿದ್ದರೆ ಮಜ್ಜೆ ತನ್ನ ಪಾಲಿನ ಕೆಲಸ ಮಾಡುತ್ತಿದೆ ಎಂದು ಓದುತ್ತೇವೆ. ಕೆಲವು ಲ್ಯಾಬುಗಳು ಸರಿಪಡಿಸಿದ ಸಂಖ್ಯೆಯನ್ನೇ ಮುದ್ರಿಸಿ ಕೊಡುತ್ತವೆ; ಅದನ್ನು ಮತ್ತೊಮ್ಮೆ ಸರಿಪಡಿಸಲು ಹೋಗಬಾರದು.

ಇದೇ ಪಿಸಿವಿ 24 ಇರುವ ಇನ್ನೊಬ್ಬರಿಗೆ ರೆಟಿಕ್ಯುಲೋಸೈಟ್ ಶೇ 14 ಬಂತು ಎನ್ನಿ. ಅವರ ಇಂಡೆಕ್ಸ್ 3.7 ಆಗುತ್ತದೆ. ಅಲ್ಲಿ ಮಜ್ಜೆ ಹಗಲಿರುಳು ದುಡಿಯುತ್ತಿದ್ದರೂ ಕಣಗಳು ಎಲ್ಲೋ ಒಡೆದುಹೋಗುತ್ತಿವೆ ಅಥವಾ ಸೋರಿಹೋಗುತ್ತಿವೆ. ಆಗ ನಾವು ಕಣ್ಣು ಹಳದಿಯಾಗಿದೆಯೇ, ಕಣಗಳು ಒಡೆದಾಗ ರಕ್ತದಲ್ಲಿ ಹೆಚ್ಚುವ ಬಿಲಿರುಬಿನ್ ಮತ್ತು ಎಲ್‌ಡಿಎಚ್ ಏರಿವೆಯೇ ಎಂದು ನೋಡಿ, ಕೆಂಪು ಕಣಗಳಿಗೆ ದೇಹದ್ದೇ ಪ್ರತಿಕಾಯಗಳು ಅಂಟಿವೆಯೇ ಎಂದು ತಿಳಿಸುವ ಕೂಂಬ್ಸ್ ಪರೀಕ್ಷೆ ಮಾಡಿಸುತ್ತೇವೆ. ಪಿಸಿವಿ ಇಬ್ಬರದೂ ಒಂದೇ ಆದರೂ ಹುಡುಕಬೇಕಾದ ದಾರಿ ಪೂರ್ತಿ ಬೇರೆ.

ನಿಮ್ಮ ಅಕ್ಕನ ಮಜ್ಜೆ ಏಕೆ ಹಿಂದೆ ಬಿದ್ದಿದೆ ಎಂಬುದರ ಸುಳಿವು ನೀವು ಬರೆದ ಸಂಖ್ಯೆಗಳಲ್ಲೇ ಇದೆ. ಪಿಸಿವಿ 24, ಕಣಗಳು 34 ಲಕ್ಷ ಎಂದರೆ ಒಂದೊಂದು ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, ಸುಮಾರು 71. ಸಹಜವಾಗಿ ಅದು 80ರ ಮೇಲಿರಬೇಕು. ಸಣ್ಣ ಕಣ, ಮುಟ್ಟಿನ ಅತಿಸ್ರಾವ, ಕಡಿಮೆ ಇಂಡೆಕ್ಸ್ ಮೂರೂ ಸೇರಿದಾಗ ಮೊದಲು ನೆನಪಾಗುವುದು ಕಬ್ಬಿಣದ ಕೊರತೆ. ಎರಿಥ್ರೋಪೊಯೆಟಿನ್ ಎಷ್ಟೇ ಒತ್ತಾಯಿಸಿದರೂ ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ ತಯಾರಾಗದು. ಮಾತ್ರೆ ಶುರುಮಾಡುವ ಮೊದಲೇ, ದೇಹದಲ್ಲಿರುವ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಗೆ ರಕ್ತ ಕೊಡುವುದು ಒಳ್ಳೆಯದು. ಬಿ12 ಕೊರತೆ, ಮೂತ್ರಪಿಂಡದ ಕಾಯಿಲೆ, ಮಜ್ಜೆಯೇ ಬತ್ತುವ ಅಪ್ಲಾಸ್ಟಿಕ್ ಅನೀಮಿಯಾಗಳಲ್ಲೂ ಇಂಡೆಕ್ಸ್ ಕಡಿಮೆಯೇ ಇರುತ್ತದೆ, ಆದರೆ ಅಲ್ಲಿ ಕಣಗಳು ಹೀಗೆ ಸಣ್ಣಗಾಗುವುದು ವಾಡಿಕೆಯಲ್ಲ. ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್‌ಗಳೂ ಇಳಿದಿರುತ್ತವೆ. ಅವೆರಡು ನಿಮ್ಮ ವರದಿಯಲ್ಲಿ ಸರಿಯಾಗಿವೆಯೇ ಎಂದು ದಯವಿಟ್ಟು ನೋಡಿ.

ಈ ಪರೀಕ್ಷೆ ನನಗೆ ಅತ್ಯಂತ ಉಪಯುಕ್ತವಾಗಿ ಕಂಡಿರುವುದು ಚಿಕಿತ್ಸೆ ಶುರುವಾದ ಮೇಲೆ. ಕಬ್ಬಿಣ ಸರಿಯಾಗಿ ಒಳಸೇರಿದರೆ ಹಿಮೋಗ್ಲೋಬಿನ್ ಕಣ್ಣಿಗೆ ಕಾಣುವಂತೆ ಏರಲು ಎರಡು ಮೂರು ವಾರ ಬೇಕು, ರೆಟಿಕ್ಯುಲೋಸೈಟ್ ಮಾತ್ರ ನಾಲ್ಕೈದು ದಿನಕ್ಕೇ ಏರತೊಡಗಿ ಏಳರಿಂದ ಹತ್ತನೆಯ ದಿನದ ಹೊತ್ತಿಗೆ ಶಿಖರ ಮುಟ್ಟುತ್ತದೆ. ಹತ್ತನೆಯ ದಿನವೂ ಸಂಖ್ಯೆ ಅಲ್ಲೇ ನಿಂತಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿಲ್ಲ, ಕಾಫಿ ಚಹಾ ಅಥವಾ ಗ್ಯಾಸ್ಟ್ರಿಕ್ ಮಾತ್ರೆಯಿಂದಾಗಿ ಹೀರಿಕೆಯಾಗುತ್ತಿಲ್ಲ, ಇಲ್ಲವೇ ರೋಗನಿರ್ಣಯವೇ ತಪ್ಪಿದೆ. ರೆಟಿಕ್ಯುಲೋಸೈಟ್ ಚೆನ್ನಾಗಿ ಏರಿಯೂ ಮೂರು ವಾರಕ್ಕೆ ಹಿಮೋಗ್ಲೋಬಿನ್ ಏರದಿದ್ದರೆ, ಮಜ್ಜೆ ಕೊಟ್ಟದ್ದು ಸ್ರಾವದಲ್ಲಿ ಹರಿದುಹೋಗುತ್ತಿದೆ ಎಂದು ತಿಳಿದು ಸ್ತ್ರೀರೋಗ ತಜ್ಞರ ಬಳಿ ತಡಮಾಡದೆ ಹೋಗಬೇಕು.

ಸಂಖ್ಯೆ ದಾರಿ ತಪ್ಪಿಸುವ ಸಂದರ್ಭಗಳೂ ಉಂಟು. ದಿಢೀರನೆ ರಕ್ತ ಹೋದ ಮರುದಿನವೇ ಎಣಿಸಿದರೆ ಕಡಿಮೆಯೇ ಬರುತ್ತದೆ. ಮಜ್ಜೆಯ ಪೂರ್ತಿ ಸ್ಪಂದನೆಗೆ ವಾರ ಬೇಕು. ರಕ್ತ ಕೊಡಿಸಿದ ಮೇಲೆ ಎಣಿಸಿದರೆ ದಾನಿಯ ಕಣಗಳು ಬೆರೆತು ಲೆಕ್ಕ ಕೆಡುತ್ತದೆ. ಎಳೆಯ ಕಣಗಳು ಟ್ಯೂಬಿನೊಳಗೂ ಬಲಿಯುತ್ತಲೇ ಇರುತ್ತವಾದ್ದರಿಂದ, ಬೆಳಿಗ್ಗೆ ತೆಗೆದ ರಕ್ತ ಬಿಸಿಲ ಕಾಲದಲ್ಲಿ ಸಂಜೆಯವರೆಗೆ ಹೊರಗೇ ಉಳಿದರೆ ಎಣಿಕೆ ಇಳಿಯಬಹುದು. ಕಣ್ಣಿನಿಂದ ಸಾವಿರ ಕಣ ಎಣಿಸಿ 28 ಸಿಕ್ಕ ಗಾಜಿನಲ್ಲೇ ಇನ್ನೊಬ್ಬರಿಗೆ 22 ಅಥವಾ 34 ಸಿಗುವುದು ಸಹಜ. ಆದ್ದರಿಂದ ಸಣ್ಣ ಏರಿಳಿತಕ್ಕೆ ಅರ್ಥ ಹಚ್ಚಬೇಡಿ, ಎರಡನೆಯ ಪರೀಕ್ಷೆಯನ್ನೂ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ. ಮೊದಲ ಮಾತ್ರೆ ನುಂಗಿದ ದಿನಾಂಕವನ್ನು ಈಗಿನ ವರದಿಯ ಮೇಲೆಯೇ ಬರೆದಿಟ್ಟು, ಹತ್ತನೆಯ ದಿನದ ವರದಿಯ ಜೊತೆಗೆ ಎರಡನ್ನೂ ಅಕ್ಕನನ್ನು ನೋಡುತ್ತಿರುವ ವೈದ್ಯರಿಗೆ ತೋರಿಸಿ. ಅದಕ್ಕೂ ಮೊದಲೇ ಅಕ್ಕನಿಗೆ ಕುಳಿತಲ್ಲೇ ಏದುಸಿರು, ಎದೆನೋವು ಅಥವಾ ತಲೆಸುತ್ತಿ ಬೀಳುವುದು ಕಂಡುಬಂದರೆ ಈ ಲೆಕ್ಕಗಳಿಗೆಲ್ಲ ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.