ಕಾಕಾ ಮಲಗಿದ್ದು ಬೆಳಗ್ಗೆ 9ಕ್ಕೆ

"ಸರ್, ನಮ್ಮ ಕಾಕಾ ಗಂಗಾವತಿಯ ರೈಸ್ ಮಿಲ್‌ನಲ್ಲಿ ರಾತ್ರಿ ಪಾಳಿ ಮಾಡ್ತಾರೆ. ಅವರಿಗೆ 24 ಗಂಟೆ ಬಿ.ಪಿ. ಮಷಿನ್ ಕಟ್ಟಿದ್ದರ ಬಗ್ಗೆ ಬರೆದು ಕಳಿಸಿದ್ದೇನೆ. ಎಲ್ಲಿ ತಪ್ಪಿದೆ, ಮುಚ್ಚುಮರೆ ಇಲ್ಲದೆ ಹೇಳಿ."

ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ನಿಮ್ಮ ಭಾಷೆ ಚೆನ್ನಾಗಿದೆ, ಲೆಕ್ಕ ತಪ್ಪಿದೆ. 'ರಾತ್ರಿಯೂ ಬಿ.ಪಿ. ಇಳಿಯಲಿಲ್ಲ, ಕಾಕಾನ ಹೃದಯಕ್ಕೆ ಗಂಡಾಂತರ' ಅಂತ ಮುಗಿಸಿದ್ದೀರಿ. ಆದರೆ ಆ ರಾತ್ರಿ ಕಾಕಾ ಮಲಗಿರಲೇ ಇಲ್ಲ, ಅಲ್ವಾ? ಮಿಲ್‌ನಲ್ಲಿ ಚೀಲ ಎಣಿಸುತ್ತಿದ್ದರು.

ಬಿ.ಪಿ. ಇಳಿಯುವುದು ಮುಖ್ಯವಾಗಿ ನಿದ್ದೆಯಿಂದ, ಸುಮ್ನೆ ಕತ್ತಲಾದ ಮಾತ್ರಕ್ಕಲ್ಲ. ಮಷಿನ್‌ಗೆ ಇದು ಗೊತ್ತಾಗುವುದಿಲ್ಲ. ಹಗಲು 20 ನಿಮಿಷಕ್ಕೊಮ್ಮೆ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಅರ್ಧ ಗಂಟೆಗೊಮ್ಮೆ ತೋಳಿನ ಪಟ್ಟಿ ಬಿಗಿಯುವಂತೆ ಅದನ್ನು ಹೊಂದಿಸಿದ್ದರು. ರಿಪೋರ್ಟ್ ಕೂಡ ಅದೇ ಗಡಿಯಾರದ ಪ್ರಕಾರ ಬಂತು: ಮೇಲಿನ ಬಿ.ಪಿ. ಹಗಲಿಗೆ ಸರಾಸರಿ 131, ರಾತ್ರಿಗೆ 142. ನೋಡಿದವರಿಗೆ ಗಾಬರಿಯಾಗುವುದು ಸಹಜ.

ಆದರೆ ನೀವೇ ಅಂಟಿಸಿ ಕಳಿಸಿದ ಡೈರಿ ಹಾಳೆ ನೋಡಿ. ಕಾಕಾ ಬೆಳಗ್ಗೆ 9ಕ್ಕೆ ಮಲಗಿ ಮಧ್ಯಾಹ್ನ 3ಕ್ಕೆ ಎದ್ದಿದ್ದಾರೆ. ಆ 6 ಗಂಟೆಯ ರೀಡಿಂಗ್‌ಗಳನ್ನು ನಾನು ಬೇರೆ ಮಾಡಿ ಲೆಕ್ಕ ಹಾಕಿದೆ. ಎಚ್ಚರವಿದ್ದಾಗ 140, ನಿದ್ದೆಯಲ್ಲಿ 118. ವ್ಯತ್ಯಾಸ 22. ಅದನ್ನು 140ರಿಂದ ಭಾಗಿಸಿದರೆ ಸುಮಾರು ಶೇಕಡ 16 ಇಳಿಕೆ. ಡಾಕ್ಟರು ಸಹಜ ಅನ್ನುವುದು ಶೇಕಡ 10ರಿಂದ 20ರ ಇಳಿಕೆಯನ್ನು. ಹಾಗಂತ ಕಾಕಾಗೆ ಬಿ.ಪಿ. ಇಲ್ಲ ಅಂತಲ್ಲ. ಎಚ್ಚರದಲ್ಲಿ 135 ದಾಟಿದರೆ ಜಾಸ್ತಿಯೇ. ಲೇಖನ ಹೇಳಬೇಕಾದದ್ದು ಇದನ್ನು.

ನಿದ್ದೆಯಲ್ಲೂ ನಿಜವಾಗಿ ಇಳಿಯದಿದ್ದರೆ ಡಾಕ್ಟರು ಬೇರೆ ಪ್ರಶ್ನೆ ಕೇಳುತ್ತಾರೆ. ಗೊರಕೆ ಹೊಡೆಯುವಾಗ ಉಸಿರು ನಿಲ್ಲುತ್ತದಾ? ಶುಗರ್ ಎಷ್ಟು ವರ್ಷದಿಂದ ಇದೆ? ಕಿಡ್ನಿ ಹೇಗಿದೆ? ಊಟದಲ್ಲಿ ಉಪ್ಪು ಜಾಸ್ತಿಯಾ? ಇಳಿಯಬೇಕಾದದ್ದನ್ನು ಇಳಿಯಗೊಡದ ಕಾರಣಗಳು ಹೆಚ್ಚಾಗಿ ಇಲ್ಲೇ ಸಿಗುತ್ತವೆ. ಆದರೂ ಒಂದೇ ದಿನದ ಇಳಿಕೆ ನೋಡಿ ಅವರು ತೀರ್ಮಾನಕ್ಕೆ ಬರುವುದಿಲ್ಲ. ಇನ್ನೊಂದು ದಿನ ಕಟ್ಟಿದರೆ ಅದೇ ಮನುಷ್ಯನ ಇಳಿಕೆ ಬೇರೆ ಬರಬಹುದು. ನಿದ್ದೆ ಕೆಟ್ಟರೂ ಅಂಕಿ ಏರುತ್ತದೆ.

ಪಟ್ಟಿ ಬಿಗಿದ ಕೂಡಲೇ ಕಾಕಾ ಚೀಲ ಕೆಳಗಿಟ್ಟು, ಕೈ ಇಳಿಬಿಟ್ಟು ಅಲ್ಲಾಡದೆ ನಿಂತರು ಅಂತ ಬರೆದಿದ್ದೀರಲ್ಲ, ಆ ಸಾಲು ನನಗೆ ತುಂಬಾ ಇಷ್ಟವಾಯಿತು. ಅದನ್ನು ಮುಟ್ಟಬೇಡಿ. ಕೈ ಅಲ್ಲಾಡಿದರೆ ರೀಡಿಂಗ್ ಕೆಡುತ್ತದೆ. ಮಷಿನ್ ಮತ್ತೆ ಅಳೆಯುತ್ತದೆ, ಇಲ್ಲವೇ ಆ ಜಾಗ ಖಾಲಿ ಬಿಡುತ್ತದೆ. ನೂರಕ್ಕೆ 70 ರೀಡಿಂಗ್ ಆದರೂ ಸರಿಯಾಗಿ ಬರದಿದ್ದರೆ ಸಾಮಾನ್ಯವಾಗಿ ಪರೀಕ್ಷೆಯನ್ನೇ ಮತ್ತೆ ಮಾಡಬೇಕು. ಇದನ್ನೂ ಅಲ್ಲಿ ಸೇರಿಸಿ.

ಬೇಸಿಗೆಯನ್ನು ವರ್ಣಿಸುವ ಮೊದಲ ಪುಟ ತೆಗೆದುಬಿಡಿ. ಅದರ ಬದಲು ಕಾಕಾ ಹಗಲು ಮಲಗಿದ ಕೋಣೆಯನ್ನು ಬರೆಯಿರಿ. ಹಗಲಿನ ಲೆಕ್ಕದಲ್ಲಿ ಅವರ ನಿದ್ದೆಯಲ್ಲೂ ಪಟ್ಟಿ 18 ಸಲ ಬಿಗಿದಿದೆ. ಎಷ್ಟು ಸಲ ಎಚ್ಚರವಾಯಿತು ಅಂತ ಅವರನ್ನೇ ಕೇಳಿ. ಬರೆದು ಮತ್ತೆ ಕಳಿಸಿ.